ಸೋಮವಾರ ಬೆಳಗ್ಗೆ ಹತ್ತಕ್ಕೆ ಎಷ್ಟು ಜನ ಬೇಕು?

ಎಲ್ಲರಿಗೂ ನಮಸ್ಕಾರ.

ಕಾಲ್ ಸೆಂಟರಿನಲ್ಲಿ ರೋಸ್ಟರ್ ಹಾಕುವವರ ಹತ್ತಿರ ಒಂದು ಕೋಷ್ಟಕ ಇದ್ದೇ ಇರುತ್ತದೆ. ಅಡ್ಡಕ್ಕೆ ವಾರದ 7 ದಿನ, ಉದ್ದಕ್ಕೆ ದಿನದ 24 ಗಂಟೆ, ಒಟ್ಟು 168 ಮನೆ. ಒಂದೊಂದು ಮನೆಯಲ್ಲೂ ಒಂದೊಂದು ಸರಾಸರಿ. ಆ ವಾರದ ದಿನ, ಆ ಗಂಟೆಯಲ್ಲಿ ಸಾಮಾನ್ಯವಾಗಿ ಎಷ್ಟು ಕಾಲ್ ಬರುತ್ತವೆ ಎಂಬ ಲೆಕ್ಕ ಅದು. ಇವತ್ತು ಅದರಲ್ಲಿ ಒಂದೇ ಒಂದು ಮನೆಯನ್ನು ನಿಮಗೆ ತೋರಿಸುತ್ತೇನೆ: ಸೋಮವಾರ, 10ರಿಂದ 11 ಗಂಟೆ. ಈ ಮನೆಯೊಳಗೆ ಏನು ಹೋಗಬೇಕು, ಹೊರಗೆ ಬಂದ ಅಂಕಿಯಿಂದ ಎಷ್ಟು ಜನರನ್ನು ಕೂರಿಸಬೇಕು ಅನ್ನುವುದು ತಿಳಿದರೆ ಉಳಿದ 167 ಮನೆಗಳಿಗೂ ಅದೇ ದಾರಿ.

ಕಳೆದ 8 ಸೋಮವಾರ ಆ ಗಂಟೆಯಲ್ಲಿ ಬಂದ ಕಾಲ್‌ಗಳು ಹೀಗಿವೆ ಅಂದುಕೊಳ್ಳಿ: 118, 126, 121, 32, 114, 122, 120, 119. ಕೂಡಿಸಿ 8ರಿಂದ ಭಾಗಿಸಿದರೆ 109 ಬರುತ್ತದೆ. ಈಗ ಆ ಸಾಲನ್ನು ಇನ್ನೊಮ್ಮೆ ನೋಡಿ. 109ರ ಆಸುಪಾಸಿನಲ್ಲಿ ಬಂದ ಸೋಮವಾರ ಒಂದಾದರೂ ಇದೆಯಾ? ಇಲ್ಲ. ತೀರಾ ಕಡಿಮೆ ಬಂದ ಮಾಮೂಲಿ ದಿನವೂ 114. ಆ 32 ಬಂದಿದ್ದು ರಜೆಯ ದಿನ. ಅದನ್ನು ಬಿಟ್ಟು ಉಳಿದ ಏಳರ ಸರಾಸರಿ ತೆಗೆದರೆ ಸರಿಯಾಗಿ 120. ಒಂದು ರಜೆ ಎಂಟು ವಾರದ ಲೆಕ್ಕವನ್ನೇ 11 ಕಾಲ್ ಕೆಳಗೆ ಎಳೆದುಬಿಟ್ಟಿತು.

ಯಾವ ದಿನ ರಜೆ, ಯಾವ ದಿನ ಸಿಸ್ಟಮ್ ಕೆಟ್ಟಿತ್ತು ಅಂತ ಬರೆದಿಟ್ಟ ಡೈರಿ ಇದ್ದರೆ ಆ ದಿನಗಳನ್ನು ಕೈಯಾರೆ ಬಿಡಬಹುದು. ಅದೇ ಒಳ್ಳೆಯದು. ಡೈರಿ ಇಲ್ಲದಿದ್ದರೆ ಸರಾಸರಿಯ ಬದಲು ಮಧ್ಯಾಂಕ ತೆಗೆಯಿರಿ, ಅಂದರೆ ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವೆ ಬರುವುದನ್ನು ಹಿಡಿಯಿರಿ. ಇಲ್ಲಿ ಅದು 119.5. ರಜೆಯ ದಿನವನ್ನು ಒಳಗೇ ಇಟ್ಟುಕೊಂಡರೂ ಅರ್ಧ ಕಾಲ್‌ನಷ್ಟೇ ವ್ಯತ್ಯಾಸ. ಆದರೆ ರಜೆಯ ದಿನದ ಅಂಕಿಯನ್ನು ಎಸೆಯಬೇಡಿ. ಮುಂದೆ ಅಂಥದ್ದೇ ರಜೆ ಬಂದಾಗ ನಿಮ್ಮ ಹತ್ತಿರ ಇರುವ ಆಧಾರ ಅದೊಂದೇ. ಬೇರೆ ಹಾಳೆಯಲ್ಲಿ ಇಟ್ಟುಕೊಳ್ಳಿ.

ಇದಕ್ಕೆ ತದ್ವಿರುದ್ಧವಾದ ತಪ್ಪು ರಾತ್ರಿಯ ಮನೆಗಳಲ್ಲಿ ಆಗುತ್ತದೆ. ಬೆಳಗಿನ ಜಾವ 3 ಗಂಟೆಗೆ ಎಂಟು ಸೋಮವಾರಗಳಲ್ಲಿ ಮೂರು ಸಲ ಮಾತ್ರ ಕಾಲ್ ಬಂದಿದೆ: 2, 1, 3. ಕಾಲ್ ಬಾರದ ಗಂಟೆಗೆ ಲಾಗ್‌ನಲ್ಲಿ ಸಾಲೇ ಇರುವುದಿಲ್ಲ ಅಲ್ವಾ? ಹಾಗಾಗಿ ಶೀಟ್ ಇರುವ ಮೂರು ಸಾಲಿನ ಸರಾಸರಿ ತೆಗೆದು 2 ಅನ್ನುತ್ತದೆ. ನಿಜವಾದ ಸರಾಸರಿ 6 ಭಾಗಿಸು 8, ಅಂದರೆ 0.75. ಅದಕ್ಕೇ ನಾನು ಸರಾಸರಿಯ ಫಾರ್ಮುಲಾ ಬಳಸುವುದಿಲ್ಲ. ಮೊತ್ತ ತೆಗೆದು, ಕ್ಯಾಲೆಂಡರ್ ನೋಡಿ ಎಣಿಸಿದ ಸೋಮವಾರಗಳಿಂದ ಭಾಗಿಸುತ್ತೇನೆ. ನಮ್ಮ ಹತ್ತು ಗಂಟೆಯ ಮನೆಗೆ ಅದು ಹೀಗಿರುತ್ತದೆ:

```
=SUMIFS(D:D,B:B,2,C:C,10,E:E,0)/7
```

ಇಲ್ಲಿ D ಕಾಲ್‌ಗಳ ಸಂಖ್ಯೆ, B ವಾರದ ದಿನ, C ಗಂಟೆ. ಭಾನುವಾರಕ್ಕೆ 1 ಕೊಟ್ಟಿರುವುದರಿಂದ ಸೋಮವಾರ 2. E ಕಾಲಂನಲ್ಲಿ ಮಾಮೂಲಿ ದಿನಕ್ಕೆ 0, ರಜೆಗೆ 1 ಹಾಕಿದ್ದೇನೆ.

ಇನ್ನು ನನ್ನನ್ನೇ ತಿಂಗಳುಗಟ್ಟಲೆ ಏಮಾರಿಸಿದ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ರೋಸ್ಟರ್ ಹಾಕುತ್ತಿದ್ದ ಕಡೆ ನಮಗೆ ಸಿಗುತ್ತಿದ್ದ ರಿಪೋರ್ಟಿನಲ್ಲಿ ಏಜೆಂಟ್‌ಗಳು ಎತ್ತಿದ ಕಾಲ್ ಮಾತ್ರ ಇರುತ್ತಿತ್ತು. ಸೋಮವಾರ ಹತ್ತಕ್ಕೆ 96 ಅಂತ ತೋರಿಸುತ್ತಿತ್ತು. ನಾನು 96ಕ್ಕೆ ತಕ್ಕಷ್ಟು ಜನರನ್ನು ಹಾಕುತ್ತಿದ್ದೆ. ಅಷ್ಟು ಜನ ಎಷ್ಟು ಎತ್ತಬಹುದೋ ಅಷ್ಟೇ ಎತ್ತುತ್ತಿದ್ದರು, ಮುಂದಿನ ವಾರವೂ ರಿಪೋರ್ಟ್ 96ರ ಹತ್ತಿರವೇ ಇರುತ್ತಿತ್ತು. ನನ್ನ ಅಂದಾಜು ಎಷ್ಟು ಚೆನ್ನಾಗಿ ಹೊಂದುತ್ತಿದೆ ಅಂತ ನಾನು ಖುಷಿಪಟ್ಟಿದ್ದೆ. ಫ್ಲೋರಿನಲ್ಲಿ ಮಾತ್ರ ಎಲ್ಲರೂ ಸುಸ್ತು. ನಾನು ಅಳೆಯುತ್ತಿದ್ದದ್ದು ಬರುವ ಕಾಲ್‌ಗಳನ್ನಲ್ಲ, ನಾನೇ ಕೂರಿಸಿದ ಜನರ ಸಾಮರ್ಥ್ಯವನ್ನು.

ಒಂದು ದಿನ ಕಚ್ಚಾ ಲಾಗ್ ತೆಗೆಸಿ ನೋಡಿದೆ. ಆ ಗಂಟೆಯಲ್ಲಿ ಒಳಬಂದ ಕಾಲ್ 150! ಹಾಗಂತ 150 ಕೂಡ ಸರಿಯಾದ ಅಂಕಿ ಅಲ್ಲ. ಕಾದು ಕಾದು ಇಟ್ಟವರು ಐದು ನಿಮಿಷ ಬಿಟ್ಟು ಮತ್ತೆ ಮಾಡಿರುತ್ತಾರೆ. ಮೊದಲ ಸಲವೇ ಎತ್ತಿದ್ದರೆ ಆ ಎರಡನೇ ಕಾಲ್ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಒಂದು ನಂಬರಿನಿಂದ ಬಂದ ಕಾಲ್ ಎತ್ತಿಲ್ಲ, ಅದೇ ನಂಬರಿನಿಂದ ಒಂದು ಗಂಟೆಯೊಳಗೆ ಮತ್ತೆ ಬಂದಿದೆ ಅಂದರೆ ಎರಡನ್ನೂ ಸೇರಿಸಿ ಒಂದು. ಅದನ್ನು ಬರೆಯುವುದು ಮೊದಲ ಸಲ ಮಾಡಿದ ಗಂಟೆಯ ಲೆಕ್ಕಕ್ಕೆ. 10:50ಕ್ಕೆ ಸಿಗದೆ 11:05ಕ್ಕೆ ಮತ್ತೆ ಮಾಡಿದವರು ಹತ್ತರ ಮನೆಗೆ ಸೇರಿದವರು. ಮಾತಾಡಿ ಮುಗಿಸಿದವರು ಇನ್ನೇನೋ ಕೇಳಲು ಮತ್ತೆ ಮಾಡಿದರೆ ಅದು ಬೇರೆ ಕಾಲ್. ಹೀಗೆ ಎಣಿಸಿದಾಗ ಸಿಕ್ಕಿದ್ದು 120. ನಾನು ಇಷ್ಟು ದಿನ 24 ಜನರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಿಮ್ಮ ಕೋಷ್ಟಕಕ್ಕೂ ಈ ರೋಗ ಇದೆಯಾ ಅಂತ ತಿಳಿಯಲು ಸುಲಭದ ಗುರುತು ಒಂದಿದೆ. ಅತಿ ಹೆಚ್ಚು ಒತ್ತಡದ ಗಂಟೆಯಲ್ಲಿ ವಾರ ವಾರವೂ ಅಂಕಿ ಅಲುಗಾಡದೆ ಒಂದೇ ಕಡೆ ನಿಂತಿದ್ದರೆ ಅನುಮಾನ ಪಡಿ.

ಮನೆಯೊಳಗಿನ ಅಂಕಿ ಶುದ್ಧವಾಯಿತು. ಆದರೆ ಅದು ಹಳೆಯದು. 8 ವಾರಗಳ ಸರಾಸರಿ ಅಂದರೆ ಮುಂದಿನ ವಾರಕ್ಕಿಂತ ನಾಲ್ಕೂವರೆ ವಾರ ಹಿಂದಿನ ಪರಿಸ್ಥಿತಿ. ಕಾಲ್‌ಗಳು ವಾರಕ್ಕೆ ಶೇ 2ರಂತೆ ಏರುತ್ತಿದ್ದರೆ ನೀವು ಸುಮಾರು ಶೇ 9 ಹಿಂದೆ ಬಿದ್ದಿರುತ್ತೀರಿ, ಅದೂ ಪ್ರತಿ ವಾರ. ಸರಿ, ಎರಡೇ ವಾರದ ಸರಾಸರಿ ತೆಗೆಯೋಣ ಅಂದರೆ ಅಂಕಿ ವಿಪರೀತ ಕುಣಿಯುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಎರಡು ಪ್ರಶ್ನೆಗಳನ್ನು ಬೇರೆ ಮಾಡುವುದು. ವಾರಕ್ಕೆ ಒಟ್ಟು ಎಷ್ಟು ಕಾಲ್? ಅದರಲ್ಲಿ ಈ ಮನೆಯ ಪಾಲೆಷ್ಟು? ಪಾಲು ನಿಧಾನಕ್ಕೆ ಬದಲಾಗುತ್ತದೆ, ಅದಕ್ಕೆ 8 ವಾರ ನೋಡಿದರೂ ತೊಂದರೆಯಿಲ್ಲ. ಒಟ್ಟು ಬೇಗ ಬದಲಾಗುತ್ತದೆ, ಅದಕ್ಕೆ ಇತ್ತೀಚಿನ ಎರಡು ಮೂರು ವಾರಗಳ ಏರಿಳಿತವನ್ನೇ ನೋಡಬೇಕು. ವಾರಕ್ಕೆ 6,000 ಕಾಲ್ ಬರುತ್ತಿದ್ದಾಗ ನಮ್ಮ ಮನೆಯದು 120, ಅಂದರೆ ಶೇ 2. ಮುಂದಿನ ವಾರ 6,500 ಬರುವ ಹಾಗೆ ಕಾಣುತ್ತಿದ್ದರೆ ಆ ಗಂಟೆಗೆ 130. ಇವತ್ತಿನ ಲೆಕ್ಕ ಸರಳವಾಗಿರಲಿ ಅಂತ ಏರಿಕೆ ಇಲ್ಲ ಅಂದುಕೊಂಡು 120ರಲ್ಲೇ ಮುಂದುವರಿಯುತ್ತೇನೆ.

ಈಗ ಜನರ ಲೆಕ್ಕ. ಒಂದು ಕಾಲ್‌ಗೆ ಮಾತು, ಹೋಲ್ಡ್, ಆಮೇಲೆ ಟಿಪ್ಪಣಿ ಬರೆಯುವುದು ಎಲ್ಲ ಸೇರಿ 300 ಸೆಕೆಂಡ್ ಹಿಡಿಯುತ್ತದೆ ಅನ್ನೋಣ. 120 ಕಾಲ್‌ಗೆ 36,000 ಸೆಕೆಂಡ್, ಅಂದರೆ 10 ಗಂಟೆಯ ಕೆಲಸ. ಒಂದು ಗಂಟೆಯಲ್ಲಿ 10 ಗಂಟೆಯ ಕೆಲಸ ಮಾಡಲು 10 ಜನ ಸಾಕು ಅಂತ ಮನಸ್ಸು ಹೇಳುತ್ತದೆ. ಆದರೆ ಕಾಲ್‌ಗಳು ಸಾಲಾಗಿ ಅರ್ಧ ನಿಮಿಷಕ್ಕೊಂದರಂತೆ ಬರುವುದಿಲ್ಲ. ನಾಲ್ಕು ಒಟ್ಟಿಗೆ ಬರುತ್ತವೆ, ಆಮೇಲೆ ಒಂದೂವರೆ ನಿಮಿಷ ಫೋನೇ ಸದ್ದು ಮಾಡುವುದಿಲ್ಲ. ಸುಮ್ನೆ ಕೂತ ಆ ಸಮಯ ವಾಪಸ್ ಸಿಗುವುದಿಲ್ಲ. ಹಾಗಾಗಿ 10 ಜನರಿದ್ದರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ.

ಎಷ್ಟು ಜನರಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಲೆಕ್ಕವನ್ನು 1917ರಲ್ಲಿ ಬರೆದುಕೊಟ್ಟವರು ಎ. ಕೆ. ಎರ್ಲಾಂಗ್, ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ. ಅವರ ಹೆಸರಿನ ಎರ್ಲಾಂಗ್ ಸಿ ಸೂತ್ರವನ್ನೇ ಇಂದಿಗೂ ಬಳಸುತ್ತೇವೆ. ಅದಕ್ಕೆ ನಮ್ಮ ಅಂಕಿಗಳನ್ನು ಕೊಟ್ಟರೆ 11 ಜನರಿದ್ದಾಗ ಸರಾಸರಿ ಕಾಯುವಿಕೆ 205 ಸೆಕೆಂಡ್. 12 ಜನರಿದ್ದರೆ 67. 13ಕ್ಕೆ 29, 14ಕ್ಕೆ 13 ಸೆಕೆಂಡ್. ಹನ್ನೆರಡನೇ ವ್ಯಕ್ತಿ ಒಬ್ಬರು ಬಂದು ಕೂತರೆ ಎರಡು ನಿಮಿಷಕ್ಕಿಂತ ಜಾಸ್ತಿ ಕಾಯುವಿಕೆ ಕಡಿಮೆಯಾಗುತ್ತದೆ. ಹದಿನಾಲ್ಕನೆಯವರು ಉಳಿಸುವುದು 16 ಸೆಕೆಂಡ್ ಮಾತ್ರ. ಈ ಸೂತ್ರ ಯಾರೂ ಬೇಸತ್ತು ಫೋನ್ ಇಡುವುದಿಲ್ಲ ಅಂದುಕೊಳ್ಳುತ್ತದೆ, ಹಾಗಾಗಿ ಜನ ಕಡಿಮೆ ಇರುವ ಕಡೆ ಅದು ತೋರಿಸುವ ಕಾಯುವಿಕೆ ನಿಜಕ್ಕಿಂತ ಉದ್ದ. ಆದರೂ ಏರಿಳಿತದ ಆಕಾರ ಹೀಗೇ ಇರುತ್ತದೆ.

ನೂರರಲ್ಲಿ ಎಂಬತ್ತು ಕಾಲ್‌ಗಳನ್ನು 20 ಸೆಕೆಂಡ್ ಒಳಗೆ ಎತ್ತಬೇಕು ಅನ್ನುವುದು ತುಂಬ ಕಡೆ ಇರುವ ಗುರಿ. 13 ಜನರಿದ್ದರೆ ಶೇ 77, 14 ಇದ್ದರೆ ಶೇ 87. ಹಾಗಾಗಿ 14 ಜನ ಬೇಕು. ಈಗ ಆ ರಜೆಯ ದಿನವನ್ನು ನೆನಪಿಸಿಕೊಳ್ಳಿ. ಅದನ್ನು ತೆಗೆಯದೆ 109 ಅಂತ ಹಾಕಿದ್ದರೆ ಸೂತ್ರ 13 ಜನ ಸಾಕು, ಗುರಿ ದಾಟಿ ಶೇ 87 ಸಿಗುತ್ತದೆ ಅಂತ ಭರವಸೆ ಕೊಡುತ್ತಿತ್ತು. ಸೋಮವಾರ ನಿಜವಾಗಿ ಸಿಗುತ್ತಿದ್ದದ್ದು ಶೇ 77. ಏಜೆಂಟ್‌ಗಳು ನಿಧಾನ ಅಂತ ಬೈಗುಳ ತಿನ್ನುತ್ತಿದ್ದರು. ತಪ್ಪು ಇದ್ದದ್ದು ನಮ್ಮ ಶೀಟಿನಲ್ಲಿ.

14 ಅನ್ನುವುದು ಹೆಡ್‌ಸೆಟ್ ಹಾಕಿ ಕೂತವರ ಲೆಕ್ಕ. ರೋಸ್ಟರಿನಲ್ಲಿ ಹೆಸರಿರುವವರಲ್ಲಿ ಕೆಲವರು ರಜೆಯಲ್ಲಿ, ಕೆಲವರು ಬ್ರೇಕ್‌ನಲ್ಲಿ, ಕೆಲವರು ತರಬೇತಿಯಲ್ಲಿ ಇರುತ್ತಾರೆ. ಅದನ್ನೇ ಶ್ರಿಂಕೇಜ್ ಅನ್ನುವುದು. ಅದು ಶೇ 30 ಇದ್ದರೆ 14ನ್ನು 0.7ರಿಂದ ಭಾಗಿಸಿ, 20 ಹೆಸರು ಬೇಕು. ತುಂಬ ಜನ 14ಕ್ಕೆ ಶೇ 30 ಸೇರಿಸಿ 18.2 ಅನ್ನುತ್ತಾರೆ. 18 ಜನರಲ್ಲಿ ಶೇ 30 ಕಳೆದರೆ ಉಳಿಯುವುದು ಹನ್ನೆರಡೂವರೆ, ಹದಿನಾಲ್ಕಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಮುಂದಿನ ಸೋಮವಾರ 120 ಕಾಲ್ ಬರುವುದಿಲ್ಲ. ಯಾವ ಕಾರಣವೂ ಇಲ್ಲದೆ ಬರೀ ಆಕಸ್ಮಿಕವಾಗಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದಕ್ಕೆ ಒಂದು ಕೈ ಅಳತೆ ಇದೆ: ಸರಾಸರಿಯ ವರ್ಗಮೂಲ. 120ಕ್ಕೆ ಅದು ಸುಮಾರು 11. ಅದರ ಎರಡರಷ್ಟು ಆಚೀಚೆ, ಅಂದರೆ 98ರಿಂದ 142ರವರೆಗೆ ಏನು ಬಂದರೂ ಅದು ಮಾಮೂಲಿ ಸೋಮವಾರವೇ. ಅಂಥ ದಿನ ಕೋಷ್ಟಕವನ್ನು ತಿದ್ದಲು ಹೋಗಬೇಡಿ. ಆದರೆ 142 ಬಂದ ದಿನ 14 ಜನರಿಂದ ಸಿಗುವುದು ಶೇ 61 ಮಾತ್ರ. ಅದಕ್ಕಾಗಿ ಪ್ರತಿ ಸೋಮವಾರ ಇನ್ನಿಬ್ಬರನ್ನು ಸುಮ್ಮನೆ ಕೂರಿಸಿದರೆ ದುಡ್ಡು ದಂಡ.

ನಾನು ಮಾಡುವುದು ಇಷ್ಟು. ಆ ಗಂಟೆಯಲ್ಲಿ ಇಮೇಲ್ ಉತ್ತರಿಸುವ ಕೆಲಸವನ್ನು ಕಾಲ್ ಎತ್ತಲು ಬರುವ ಇಬ್ಬರಿಗೇ ಕೊಡುತ್ತೇನೆ. ಮೊದಲ ಕಾಲು ಗಂಟೆಗೆ 30 ಕಾಲ್ ಬರಬೇಕು, 30ರ ವರ್ಗಮೂಲ ಐದೂವರೆ. 10:15ಕ್ಕೆ ಬೋರ್ಡ್ ನೋಡುತ್ತೇನೆ. 36 ಇದ್ದರೆ ಸುಮ್ಮನಿರುತ್ತೇನೆ. 42 ಇದ್ದರೆ ಇಮೇಲ್ ಬದಿಗಿಟ್ಟು ಫೋನಿಗೆ ಬನ್ನಿ ಅಂತ ಆ ಇಬ್ಬರನ್ನೂ ಕರೆಯುತ್ತೇನೆ.