ಫೋಟೋದಲ್ಲಿ ಬಂದ ಸ್ವರಲಿಪಿ

ಎಲ್ಲರಿಗೂ ನಮಸ್ಕಾರ.

ಕೀಬೋರ್ಡ್ ಕಲಿಸುವ ನನ್ನಂಥವರ ಮೊಬೈಲಿಗೆ ಒಂದು ಬಗೆಯ ಸಂದೇಶ ಆಗಾಗ ಬರುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಇರುವ ಒಂದು ಪುಟದ ಫೋಟೋ, ಅದರ ಕೆಳಗೆ ಒಂದೇ ಸಾಲು: 'ಇದನ್ನ ಹೇಗೆ ನುಡಿಸೋದು?' ಶ್ರುತಿ ಯಾವುದು, ಎಷ್ಟು ವೇಗ, ಮೊದಲ ಮನೆ ಯಾವುದು ಅಂತ ಯಾರೂ ಕೇಳುವುದಿಲ್ಲ. ಹಾಗೆ ಬಿಡಿಸಿ ಕೇಳಲು ಗೊತ್ತಿದ್ದರೆ ಅವರೇ ಅರ್ಧ ಓದಿಕೊಂಡಿರುತ್ತಿದ್ದರು, ಅಲ್ವಾ? 'ನಿಧಾನವಾಗಿ ಶುರು ಮಾಡಿ, ಮೊದಲು ಬಲಗೈ, ಆಮೇಲೆ ಎಡಗೈ' ಅಂತ ಬರೆದು ಕಳಿಸುವುದು ಸುಲಭ. ಆದರೆ ಆ ಮಾತು ಯಾವ ಪುಟಕ್ಕೆ ಬೇಕಾದರೂ ಹೊಂದುತ್ತದೆ. ಕೇಳಿದವರು ತೋರಿಸಿದ್ದು ಈ ಪುಟ. ಅದರಲ್ಲಿ ಏನಿದೆ ಅಂತ ನಾವು ಓದಿ ಹೇಳಬೇಕು.

ಇವತ್ತು ಒಂದೇ ಪುಟ ತೆಗೆದುಕೊಳ್ಳುತ್ತೇನೆ. ಕೀಬೋರ್ಡ್ ಕಲಿಯುವ ಹೆಚ್ಚಿನ ಮಕ್ಕಳ ಕೈಗೆ ಒಂದಲ್ಲ ಒಂದು ದಿನ ಬರುವ ಪುಟ ಅದು: ಮಿನುಯೆಟ್ ಇನ್ ಜಿ ಮೇಜರ್. ಜರ್ಮನಿಯ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರ ಹೆಂಡತಿ ಆನಾ ಮ್ಯಾಗ್ಡಲೀನಾ ಅವರಿಗೆ ಸೇರಿದ, 1725ರ ಒಂದು ನೋಟ್‌ಬುಕ್‌ನಲ್ಲಿ ಇದು ಸಿಗುತ್ತದೆ. ಬಹಳ ಕಾಲ ಇದು ಬಾಖ್ ಅವರದೇ ರಚನೆ ಅಂತ ಅಚ್ಚಾಯಿತು. ಡ್ರೆಸ್ಡನ್ನಿನ ಆರ್ಗನ್ ವಾದಕ ಕ್ರಿಶ್ಚಿಯನ್ ಪೆಟ್ಸೋಲ್ಡ್ ಅವರದ್ದು ಅಂತ ಈಗ ಗೊತ್ತಾಗಿದೆ. ಹಾಗಾಗಿ ಪುಟದ ಬಲಮೂಲೆಯಲ್ಲಿ ಬಾಖ್ ಅಂತ ಇದ್ದರೂ ಪೆಟ್ಸೋಲ್ಡ್ ಅಂತ ಇದ್ದರೂ ಗಾಬರಿ ಬೇಡ. ಎರಡೂ ಒಂದೇ.

ಮೊದಲು ಫೋಟೋವನ್ನೇ ನೋಡಬೇಕು. ಎಡ ಅಂಚು ಪೂರ್ತಿ ಬಂದಿದೆಯಾ? ಪುಟದ ತಲೆ ಬಂದಿದೆಯಾ? ಪ್ರತಿ ಸಾಲಿನ ಎಡತುದಿಯಲ್ಲಿ ಕ್ಲೆಫ್ ಇರುತ್ತದೆ, ಅದರ ಪಕ್ಕದಲ್ಲೇ ಶಾರ್ಪ್ ಅಥವಾ ಫ್ಲ್ಯಾಟ್ ಗುರುತು. ಇವು ಸಾಲು ಸಾಲಿಗೂ ಮತ್ತೆ ಬರುವುದರಿಂದ ಒಂದು ಸಾಲು ಕತ್ತರಿಸಿಹೋದರೂ ಇನ್ನೊಂದು ಸಾಲಿನಲ್ಲಿ ಸಿಗುತ್ತವೆ. ಎಣಿಕೆ ಹೇಳುವ ಟೈಮ್ ಸಿಗ್ನೇಚರ್ ಹಾಗಲ್ಲ, ಅದು ಮೊದಲ ಸಾಲಿನಲ್ಲಿ ಒಂದೇ ಸಲ ಬರುತ್ತದೆ. ವೇಗದ ಮಾತು ಏನಾದರೂ ಇದ್ದರೆ ಅದೂ ಮೊದಲ ಸಾಲಿನ ತಲೆಯ ಮೇಲೆ. ಆ ಭಾಗ ಫೋಟೋದಲ್ಲಿ ಇಲ್ಲದಿದ್ದರೆ ಊಹೆ ಮಾಡುತ್ತಾ ಕೂರುವುದಕ್ಕಿಂತ 'ಮೇಲಿನ ಎಡಮೂಲೆ ಕಾಣುವ ಹಾಗೆ ಇನ್ನೊಂದು ಫೋಟೋ ಕಳಿಸಿ' ಅನ್ನುವುದೇ ಒಳ್ಳೆಯದು.

ನಮ್ಮ ಪುಟದಲ್ಲಿ ಎಲ್ಲವೂ ಕಾಣುತ್ತಿದೆ ಅಂದುಕೊಳ್ಳಿ. ಮೇಲಿನ ಐದು ಗೆರೆಗಳ ತುದಿಯಲ್ಲಿ, ಎಲ್ಲಕ್ಕಿಂತ ಮೇಲಿನ ಗೆರೆ ಅಂದರೆ ಎಫ್‌ನ ಗೆರೆಯ ಮೇಲೆ, ಒಂದೇ ಒಂದು ಶಾರ್ಪ್ ಇದೆ. ಒಂದು ಶಾರ್ಪ್ ಇದ್ದರೆ ಕೀ ಜಿ ಮೇಜರ್ ಆಗಬಹುದು, ಇ ಮೈನರ್ ಕೂಡ ಆಗಬಹುದು. ಯಾವುದು ಅಂತ ತಿಳಿಯಲು ಕೊನೆಯ ಬಾರ್‌ಗೆ ಹೋಗಿ ನೋಡಬೇಕು. ಅಲ್ಲಿ ಬಲಗೈಯೂ ಎಡಗೈಯೂ ಜಿ ಮೇಲೆ ನಿಲ್ಲುತ್ತವೆ. ಶುರುವಿನಲ್ಲೂ ಎಡಗೈ ಹಿಡಿಯುವುದು ಜಿ, ಬಿ, ಡಿ ಮೂರರ ಕಾರ್ಡ್. ಇ ಮೈನರ್ ಆಗಿದ್ದರೆ ನಡುನಡುವೆ ಡಿ ಶಾರ್ಪ್ ಕಾಣಿಸಿಕೊಳ್ಳುತ್ತಿತ್ತು, ಇಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಜಿ ಮೇಜರ್ ಅಂತ ಧೈರ್ಯವಾಗಿ ಹೇಳಬಹುದು.

ಹಾರ್ಮೋನಿಯಂ ನುಡಿಸುವವರಿಗೆ ಹೇಳುವುದಾದರೆ ಷಡ್ಜ ಬಿಳಿ ಐದು, ಎಫ್ ಶಾರ್ಪ್ ಕರಿ ಮೂರು. ಕರ್ನಾಟಕ ಸಂಗೀತ ಕಲಿತವರಿಗೆ ಇನ್ನೂ ಸುಲಭ: ಜಿಯನ್ನು ಸ ಅಂದುಕೊಂಡರೆ ಇವು ಶಂಕರಾಭರಣದ ಸ್ವರಗಳೇ. ಆ ಶಾರ್ಪ್ ಕಾಕಲಿ ನಿಷಾದ.

ಈಗ ಮೊದಲ ಬಾರ್. ಮೇಲಿನ ಸಾಲಿನ ಕ್ಲೆಫ್‌ನ ಸುರುಳಿ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತುತ್ತದೆ, ಆ ಗೆರೆ ಜಿ. ಅಲ್ಲಿಂದ ಮೇಲಕ್ಕೆ ಸಂದು, ಗೆರೆ, ಸಂದು, ಗೆರೆ ಅಂತ ಹತ್ತಿದರೆ ಎ, ಬಿ, ಸಿ, ಡಿ. ಮೊದಲ ಸ್ವರ ನಾಲ್ಕನೇ ಗೆರೆಯ ಮೇಲಿದೆ, ಅಂದರೆ ಡಿ. ಆಮೇಲೆ ಕೆಳಗಿಳಿದು ಜಿ, ಎ, ಬಿ, ಸಿ. ಎರಡನೇ ಬಾರ್‌ನಲ್ಲಿ ಡಿ, ಜಿ, ಜಿ. ಸ್ವರದಲ್ಲಿ ಹಾಡಿದರೆ: ಪ, ಸರಿಗಮ, ಪ ಸ ಸ. ಇಷ್ಟು ಹೇಳಿದ ಕೂಡಲೇ ಕೇಳಿದವರಿಗೆ ರಾಗ ಕಿವಿಗೆ ಬಂದುಬಿಡುತ್ತದೆ.

ಟೈಮ್ ಸಿಗ್ನೇಚರ್‌ನಲ್ಲಿ ಮೇಲೆ 3, ಕೆಳಗೆ 4. ಅಂದರೆ ಪ್ರತಿ ಬಾರ್‌ಗೆ ಮೂರು ಎಣಿಕೆ, ಒಂದು ಕ್ರಾಚೆಟ್‌ಗೆ ಒಂದು ಎಣಿಕೆ. ಮೊದಲ ಡಿ ಕ್ರಾಚೆಟ್, ಪೂರ್ತಿ ಒಂದು ಎಣಿಕೆ. ಮುಂದಿನ ನಾಲ್ಕು ಸ್ವರಗಳ ಬಾಲಗಳನ್ನು ಒಂದು ದಪ್ಪ ಗೆರೆ ಸೇರಿಸಿದೆ, ಅವು ಕ್ವೇವರ್. ಎಣಿಕೆಗೆ ಎರಡರಂತೆ ಬರುತ್ತವೆ. 'ಒಂದು, ಎರಡು-ಮತ್ತು, ಮೂರು-ಮತ್ತು' ಅಂತ ಬಾಯಲ್ಲಿ ಹೇಳಿಕೊಂಡು ನುಡಿಸಿದರೆ ಸರಿಯಾಗಿ ಕೂರುತ್ತದೆ.

ಬೆರಳೂ ಹೇಳಿಬಿಡಬೇಕು. ಹೆಬ್ಬೆರಳು 1, ಕಿರುಬೆರಳು 5. ಹೆಬ್ಬೆರಳು ಜಿ ಮೇಲೆ ಇಟ್ಟರೆ ಕಿರುಬೆರಳು ತಾನಾಗಿ ಡಿ ಮೇಲೆ ಬರುತ್ತದೆ. ಮೊದಲ ಎರಡು ಬಾರ್ ಪೂರ್ತಿ ಕೈ ಅಲ್ಲಾಡುವ ಹಾಗೇ ಇಲ್ಲ: 5, ಆಮೇಲೆ 1 2 3 4, ಮತ್ತೆ 5 1 1. ಮೂರನೇ ಬಾರ್‌ನಲ್ಲಿ ಮಾತ್ರ ಕೈ ಮೇಲಕ್ಕೆ ಸರಿದು ಹೆಬ್ಬೆರಳು ಸಿ ಮೇಲೆ ಬರಬೇಕು. ಅಲ್ಲಿನ ಸ್ವರಗಳು ಇ, ಆಮೇಲೆ ಸಿ, ಡಿ, ಇ, ಎಫ್ ಶಾರ್ಪ್. ಬೆರಳು 3, ಆಮೇಲೆ 1 2 3 4. ನಾಲ್ಕನೇ ಬಾರ್ ಮೇಲಿನ ಜಿಯಿಂದ ಕೆಳಗಿನ ಜಿಗೆ ಹಾರುತ್ತದೆ. ಚಿಕ್ಕ ಮಕ್ಕಳ ಕೈ ಅಷ್ಟು ಅಗಲ ಆಗುವುದಿಲ್ಲ. ಎಳೆದು ಹಿಡಿಯುವುದು ಬೇಡ, ಕೈ ಎತ್ತಿ ಇಟ್ಟರೆ ಸಾಕು.

ಫೋಟೋ ಅಂದಮೇಲೆ ಓರೆಯಾಗಿರುತ್ತದೆ, ಮಸುಕಾಗಿರುತ್ತದೆ. ಪುಟ ಬಾಗಿದ್ದಲ್ಲಿ ಗೆರೆಯ ಮೇಲಿನ ಸ್ವರ ಸಂದಿನಲ್ಲಿ ಇರುವಂತೆ ಕಾಣುತ್ತದೆ. ನಾನು ಓದಿದ್ದು ಸರಿಯೇ ಅಂತ ನೋಡಲು ಸ್ವರಲಿಪಿಯೇ ಒಂದು ದಾರಿ ಕೊಟ್ಟಿದೆ: ಪ್ರತಿ ಬಾರ್‌ನ ಎಣಿಕೆ ಕೂಡಿಸಿ. ಎಡಗೈಯ ಮೊದಲ ಬಾರ್‌ನಲ್ಲಿ ಆ ಮೂರು ಸ್ವರದ ಕಾರ್ಡ್ ಎರಡು ಎಣಿಕೆ, ಆಮೇಲಿನ ಎ ಒಂದು ಎಣಿಕೆ. ಮೂರಾಯಿತು, ಸರಿ. ಎರಡನೇ ಬಾರ್‌ನಲ್ಲಿ ಬಿ ಒಂದೇ ಇದೆ, ಒಳಗೆ ಟೊಳ್ಳಾದ, ಬಾಲ ಇರುವ ಸ್ವರ. ಅದು ಮಿನಿಮ್, ಎರಡೇ ಎಣಿಕೆ. ಹಾಗಾದರೆ ಒಂದು ಎಣಿಕೆ ಎಲ್ಲಿ ಹೋಯಿತು? ಪಕ್ಕದಲ್ಲಿ ಒಂದು ಚುಕ್ಕೆ ಇರಲೇಬೇಕು. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಸಿಗುತ್ತದೆ. ಆ ಚುಕ್ಕೆ ಅರ್ಧದಷ್ಟು ಜಾಸ್ತಿ ಕೊಡುತ್ತದೆ, ಎರಡು ಮೂರಾಗುತ್ತದೆ. ಚುಕ್ಕೆ ಪಕ್ಕದಲ್ಲಿದ್ದರೆ ಉದ್ದ, ತಲೆಯ ಮೇಲೋ ಕೆಳಗೋ ಇದ್ದರೆ ಚುಟುಕಾಗಿ ಬಿಡಬೇಕು ಅಂತ. ಎರಡೂ ಬೇರೆ ಬೇರೆ. ಎರಡನೇ ಬಾರ್‌ನಿಂದ ಆರನೆಯದರವರೆಗೆ ಎಡಗೈಗೆ ಬಾರ್‌ಗೊಂದೇ ಉದ್ದ ಸ್ವರ: ಬಿ, ಸಿ, ಬಿ, ಎ, ಜಿ.

ಎಣಿಕೆಯಿಂದ ಸಿಕ್ಕಿಬೀಳದ ತಪ್ಪು ಒಂದಿದೆ, ಅದು ಏಳನೇ ಬಾರ್‌ನಲ್ಲಿ. ಅಲ್ಲಿನ ಮೊದಲ ಸ್ವರ ಕೆಳಗಿನ ಎಫ್, ಕೆಳಗಿನ ಎರಡು ಗೆರೆಗಳ ನಡುವಿನ ಸಂದಿನಲ್ಲಿದೆ. ಸಾಲಿನ ತುದಿಯಲ್ಲಿ ಶಾರ್ಪ್ ಕೂತಿರುವುದು ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿ. ಹೊಸದಾಗಿ ಕಲಿಯುವವರು 'ಶಾರ್ಪ್ ಮೇಲಿನ ಎಫ್‌ಗೆ ತಾನೇ' ಅಂದುಕೊಂಡು ಕೆಳಗಿನದಕ್ಕೆ ಬಿಳಿ ಮನೆ ಒತ್ತಿಬಿಡುತ್ತಾರೆ. ಆ ಗುರುತು ಎಲ್ಲ ಎಫ್‌ಗಳಿಗೂ ಸೇರಿದ್ದು, ಮೇಲಿನದಕ್ಕೂ ಕೆಳಗಿನದಕ್ಕೂ, ಬಲಗೈಗೂ ಎಡಗೈಗೂ. ಕಿವಿಗೂ ಇದು ಗೊತ್ತಾಗುತ್ತದೆ. ಎಫ್ ಶಾರ್ಪ್‌ನಿಂದ ಜಿಗೆ ಹೋದಾಗ ಮನೆ ಸೇರಿದ ಹಾಗೆ ಇರಬೇಕು. ಬಿಳಿ ಎಫ್ ಒತ್ತಿದರೆ ನಿಷಾದ ಇಳಿದು ಶಂಕರಾಭರಣ ಹೋಗಿ ಹರಿಕಾಂಭೋಜಿ ಆಗಿಬಿಡುತ್ತದೆ. ಈ ಮಾತು ಹೇಳಿದರೆ ಕರ್ನಾಟಕ ಸಂಗೀತ ಬಲ್ಲ ಅಪ್ಪ ಅಮ್ಮ ಅಡುಗೆಮನೆಯಿಂದಲೇ ಮಗುವನ್ನು ತಿದ್ದಬಹುದು.

ಇನ್ನು ವೇಗ. ಇಲ್ಲಿ ಎಚ್ಚರ ಬೇಕು. 1725ರ ಆ ನೋಟ್‌ಬುಕ್‌ನಲ್ಲಿ ವೇಗದ ಗುರುತೇ ಇಲ್ಲ. ನಿಮ್ಮ ಪುಟದ ತಲೆಯ ಮೇಲೆ ಮಾಡರಾಟೋ, ಅಲೆಗ್ರೆಟೋ ಅಂತಲೋ, ಕ್ರಾಚೆಟ್ ಪಕ್ಕ ಒಂದು ಅಂಕಿಯೋ ಇದ್ದರೆ ಅದನ್ನು ಸೇರಿಸಿದವರು ಆಮೇಲಿನ ಸಂಪಾದಕರು. ಅದು ಇದ್ದರೆ ಅದನ್ನೇ ಹೇಳಿ, ಪರೀಕ್ಷೆಗೆ ಕೂರುವ ಮಗುವಾದರೆ ಅದನ್ನೇ ಪಾಲಿಸಬೇಕು. ಏನೂ ಇಲ್ಲದಿದ್ದರೆ ಹೆಸರೇ ಸುಳಿವು. ಮಿನುಯೆಟ್ ಅಂದರೆ ಫ್ರಾನ್ಸಿನ ಆಸ್ಥಾನದ ಮೂರೆಣಿಕೆಯ ನೃತ್ಯ. ಹೆಜ್ಜೆ ಹಾಕುವ ನಡೆ, ಓಟವಲ್ಲ. ನಾನು ಹೇಳುವುದು ನಿಮಿಷಕ್ಕೆ 110ರ ಆಸುಪಾಸು. ಆದರೆ 'ಪುಟದಲ್ಲಿ ಇಲ್ಲ, ಇದು ನನ್ನ ಸಲಹೆ' ಅಂತ ಸೇರಿಸಿಯೇ ಹೇಳುತ್ತೇನೆ. ಕೇಳಿದವರಿಗೆ ಪುಟ ಹೇಳಿದ್ದು ಯಾವುದು, ನಾನು ಹೇಳಿದ್ದು ಯಾವುದು ಅಂತ ಬೇರೆಯಾಗಿ ಗೊತ್ತಿರಬೇಕು.

ಕಲಿಯುವಾಗ ಮೆಟ್ರೊನೋಮ್ 60ಕ್ಕೆ ಇಡಿ, ಸೆಕೆಂಡಿಗೊಂದು ಎಣಿಕೆ. ಒಟ್ಟು 32 ಬಾರ್ ಇವೆ, ಬಾರ್‌ಗೆ ಮೂರರಂತೆ 96 ಎಣಿಕೆ. ಪುನರಾವರ್ತನೆ ಬಿಟ್ಟು ನುಡಿಸಿದರೆ 96 ಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಬಹಳ ಬೇಗ ಮುಗಿದುಹೋದರೆ ಎಡಗೈಯ ಉದ್ದ ಸ್ವರಗಳು ಮೊಟಕಾಗಿವೆ ಅಂತಲೇ ಅರ್ಥ.

ಕೊನೆಯದಾಗಿ ಎರಡನೇ ಅರ್ಧ. ಇಪ್ಪತ್ತನೇ ಬಾರ್‌ನಲ್ಲಿ ಸಿ ಪಕ್ಕದಲ್ಲಿ ಹೊಸ ಶಾರ್ಪ್ ಕಾಣುತ್ತದೆ. ಫೋಟೋ ನೋಡಿ ಕೇಳುವವರು ಇಲ್ಲಿಯೇ ಎರಡನೇ ಸಲ ಸಂದೇಶ ಕಳಿಸುತ್ತಾರೆ: 'ಕೀ ಬದಲಾಯ್ತಾ?' ಕೀ ಸಿಗ್ನೇಚರ್ ಬದಲಾಗಿಲ್ಲ. ರಾಗ ಸ್ವಲ್ಪ ಹೊತ್ತು ಡಿ ಕಡೆಗೆ ವಾಲುತ್ತದೆ, ಅಷ್ಟೇ. ಹೀಗೆ ಸ್ವರದ ಪಕ್ಕದಲ್ಲೇ ಬರೆದ ಶಾರ್ಪ್ ಆ ಬಾರ್ ಮುಗಿಯುವವರೆಗೆ ಮಾತ್ರ ನಡೆಯುತ್ತದೆ, ಮುಂದಿನ ಬಾರ್‌ನಲ್ಲಿ ಬೇಕಿದ್ದರೆ ಮತ್ತೆ ಬರೆದಿರುತ್ತಾರೆ. ಇಪ್ಪತ್ತನಾಲ್ಕನೇ ಬಾರ್‌ನಲ್ಲಿ ಡಿ ಮೇಲೆ ನಿಂತು, ಅಲ್ಲಿಂದ ಬಿಳಿ ಸಿಗೆ ಮರಳಿ, ಜಿಗೆ ಬಂದು ಮುಗಿಯುತ್ತದೆ.

ನಮಸ್ಕಾರ.