ಫೋಟೊದಲ್ಲಿ ಕಂಡ ಅಲಾಯ್ ವೀಲ್ ನಿಮ್ಮ ಕಾರಿಗೆ ಕೂರುತ್ತದೆಯೇ?

[ದೃಶ್ಯ: ನೆಲದ ಮೇಲೆ ಪಕ್ಕಪಕ್ಕದಲ್ಲಿ ಎರಡು ಅಲಾಯ್ ವೀಲ್‌ಗಳು. ಎರಡರಲ್ಲೂ ನಾಲ್ಕು ನಟ್ ರಂಧ್ರ, ಒಂದೇ ಬಗೆಯ ಸ್ಪೋಕ್.]

ನಮಸ್ಕಾರ. ಈ ಎರಡು ಚಕ್ರಗಳನ್ನು ಚೆನ್ನಾಗಿ ನೋಡಿಕೊಳ್ಳಿ. ಎರಡೂ 15 ಇಂಚಿನವು, ಸ್ಪೋಕ್‌ಗಳ ವಿನ್ಯಾಸವೂ ಒಂದೇ. ಎಡಗಡೆಯದು ಮಾರುತಿ ಸ್ವಿಫ್ಟ್‌ಗೆ ಕೂರುತ್ತದೆ. ಬಲಗಡೆಯದು ಕೂರುವುದಿಲ್ಲ. ಬಲಗಡೆಯದಕ್ಕೆ ನನ್ನ ಭಾವ ಹಣ ಕಳಿಸುವುದರಲ್ಲಿದ್ದರು.

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಬರುವಾಗ ಅವರ ಸ್ವಿಫ್ಟ್ ನೀರು ತುಂಬಿದ ಗುಂಡಿಗೆ ಇಳಿಯಿತು. ಮುಂದಿನ ಬಲಗಡೆಯ ಚಕ್ರದ ಅಂಚು ಸೀಳಿತು. ಬೆಂಡಾಗಿದ್ದರೆ ಸರಿಮಾಡಿಸಬಹುದಿತ್ತು, ಆದರೆ ಅಲಾಯ್ ಸೀಳಿದ ಮೇಲೆ ಬೆಸುಗೆ ಹಾಕಿಸಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಉಳಿದ ಮೂರು ಚಕ್ರಗಳಿಗೆ ಹೊಂದುವ ಒಂದೇ ಒಂದು ಬೇಕಿತ್ತು. ಭಾವ ಹುಡುಕಿ ಹುಡುಕಿ, ಹಳೆಯ ಸಾಮಾನು ಮಾರುವವರೊಬ್ಬರಿಂದ ಫೋಟೊ ತರಿಸಿಕೊಂಡು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. “ಅದೇ ಡಿಸೈನ್ ಸಿಕ್ಕಿದೆ, ಹಣ ಹಾಕಿಬಿಡಲೇ?” ಎಂದು ಕೇಳಿದರು.

[ದೃಶ್ಯ: ಪರದೆಯ ಮೇಲೆ ಆ ಫೋಟೊ. ಚಕ್ರ ಗೋಡೆಗೆ ಒರಗಿದೆ.]

ಡಿಸೈನ್ ಒಂದೇ ಆಗಿದ್ದರೂ ಅಳತೆ ಒಂದೇ ಎಂದು ತಿಳಿಯಬಾರದು. ಒಂದು ವಿನ್ಯಾಸ ಜನಪ್ರಿಯವಾದರೆ ತಯಾರಕರು ಅದನ್ನೇ 14, 15, 16 ಇಂಚುಗಳಲ್ಲಿ, ಬೇರೆ ಬೇರೆ ಕಾರುಗಳ ನಟ್ ಅಳತೆಗಳಿಗೆ ಎರಕ ಹೊಯ್ಯುತ್ತಾರೆ. ಅದರ ನಕಲುಗಳೂ ಬರುತ್ತವೆ. ನಡುವಿನ ಕ್ಯಾಪ್ ಮೇಲಿರುವ ಲಾಂಛನವನ್ನಂತೂ ನಂಬಲೇಬೇಡಿ, ಕ್ಯಾಪ್ ಬದಲಿಸಲು ಒಂದು ನಿಮಿಷ ಸಾಕು. ಹೀಗಾಗಿ ವಿನ್ಯಾಸದಿಂದ ಚಕ್ರದ ಹೆಸರು ತಿಳಿದೀತು, ಸಂಖ್ಯೆಗಳು ತಿಳಿಯುವುದಿಲ್ಲ.

ನಮಗೆ ಬೇಕಾದ ಸಂಖ್ಯೆಗಳು ಇವು: ಚಕ್ರದ ವ್ಯಾಸ, ಅಗಲ, ಪಿಸಿಡಿ, ನಡುವಿನ ರಂಧ್ರ, ಆಫ್‌ಸೆಟ್. ಪಿಸಿಡಿ ಎಂದರೆ ನಟ್ ರಂಧ್ರಗಳ ಕೇಂದ್ರಗಳ ಮೂಲಕ ಒಂದು ವೃತ್ತ ಎಳೆದರೆ ಅದರ ವ್ಯಾಸ. ಸ್ವಿಫ್ಟ್‌ನದು 4×100, ಅಂದರೆ ನಾಲ್ಕು ರಂಧ್ರ, 100 ಮಿಲಿಮೀಟರ್ ವೃತ್ತ.

ವ್ಯಾಸ ಸುಲಭ. ಟಯರ್ ಇದ್ದರೆ ಅದರ ಪಕ್ಕದಲ್ಲೇ ಬರೆದಿರುತ್ತದೆ. ಭಾವ ಕಳಿಸಿದ ಫೋಟೊವನ್ನು ಹಿಗ್ಗಿಸಿದಾಗ 185/65 R15 ಎಂದು ಓದಲು ಸಿಕ್ಕಿತು. ಕೊನೆಯ 15 ಎಂಬುದೇ ಚಕ್ರದ ಇಂಚು. ಅಗಲದ ಸುಳಿವೂ ಅದರಲ್ಲೇ ಇದೆ: ಈ ಟಯರ್ 5ರಿಂದ 6.5 ಇಂಚು ಅಗಲದ ರಿಮ್‌ಗೆ ಹಾಕುವಂಥದ್ದು. ಇದು ಸುಳಿವು ಮಾತ್ರ, ಅಳತೆಯಲ್ಲ.

ಇನ್ನು ಪಿಸಿಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡೋಣ.

[ದೃಶ್ಯ: ಫೋಟೊದ ಮೇಲೆ ರಿಮ್‌ನ ಅಂಚಿನಿಂದ ಅಂಚಿಗೆ ಒಂದು ಗೆರೆ, ಎದುರುಬದುರು ರಂಧ್ರಗಳ ನಡುವೆ ಇನ್ನೊಂದು.]

ಫೋಟೊದಲ್ಲಿ ಗೊತ್ತಿರುವ ಅಳತೆ ಒಂದಿದ್ದರೆ ಉಳಿದದ್ದನ್ನು ಅನುಪಾತದಿಂದ ಲೆಕ್ಕ ಹಾಕಬಹುದು. ಗೊತ್ತಿರುವುದು ರಿಮ್. ಆದರೆ 15 ಇಂಚು ಎಂದರೆ 381 ಮಿಲಿಮೀಟರ್ ಎಂದು ಹಿಡಿದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಆ 15 ಇಂಚು ಟಯರ್ ಕೂರುವ ಒಳಜಾಗದ ವ್ಯಾಸ. ನಮ್ಮ ಕಣ್ಣಿಗೆ ಕಾಣುವುದು ಅದರ ಹೊರಗಿನ ತುಟಿ. ಜೆ ಮಾದರಿಯ ರಿಮ್‌ನಲ್ಲಿ ಆ ತುಟಿ ಸುಮಾರು 17 ಮಿಲಿಮೀಟರ್ ಎತ್ತರ. ಎರಡೂ ಬದಿ ಸೇರಿಸಿದರೆ ಹೊರ ಅಂಚಿನಿಂದ ಹೊರ ಅಂಚಿಗೆ ಸುಮಾರು 415 ಮಿಲಿಮೀಟರ್.

ಫೋಟೊದಲ್ಲಿ ಹೊರ ಅಂಚಿನ ವ್ಯಾಸ 1660 ಪಿಕ್ಸೆಲ್ ಬಂತು. ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಿದೆ, ಎರಡೂ ಒಂದೇ ಇದ್ದವು. ಇದನ್ನು ಮರೆಯದೆ ನೋಡಬೇಕು. ವೃತ್ತ ಚಪ್ಪಟೆಯಾಗಿ ಕಂಡರೆ ಕ್ಯಾಮೆರಾ ಓರೆಯಾಗಿತ್ತು ಎಂದರ್ಥ, ಅಂಥ ಫೋಟೊವನ್ನು ಪಕ್ಕಕ್ಕಿಡಿ. 1660ನ್ನು 415ರಿಂದ ಭಾಗಿಸಿದರೆ ಒಂದು ಮಿಲಿಮೀಟರ್‌ಗೆ 4 ಪಿಕ್ಸೆಲ್.

ಆಮೇಲೆ ಎದುರುಬದುರು ರಂಧ್ರಗಳು. ರಂಧ್ರದ ಕೇಂದ್ರ ಎಲ್ಲಿದೆ ಎಂದು ಊಹಿಸುವ ಬದಲು, ಒಂದು ರಂಧ್ರದ ಎಡ ಅಂಚಿನಿಂದ ಎದುರಿನ ರಂಧ್ರದ ಎಡ ಅಂಚಿಗೆ ಅಳೆಯಿರಿ. ಕೇಂದ್ರದಿಂದ ಕೇಂದ್ರಕ್ಕಿರುವ ದೂರವೂ ಅಷ್ಟೇ, ಅಂಚು ಸ್ಪಷ್ಟವಾಗಿ ಕಾಣುವುದರಿಂದ ಕೈ ತಪ್ಪುವುದಿಲ್ಲ. ನನಗೆ 408 ಪಿಕ್ಸೆಲ್ ಬಂತು. 4ರಿಂದ ಭಾಗಿಸಿದರೆ 102 ಮಿಲಿಮೀಟರ್.

102 ಎಂಬ ಪಿಸಿಡಿಯನ್ನು ನಾನು ಕಂಡಿಲ್ಲ. ಹತ್ತಿರದ್ದು 100. ಭಾವನಿಗೆ ಸಂತೋಷವಾಯಿತು. ನನಗೆ ಮಾತ್ರ ಆ 2 ಮಿಲಿಮೀಟರ್ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು, ಏಕೆಂದರೆ ಫೋಟೊದಲ್ಲಿ ನಟ್ ವೃತ್ತ ಇರುವುದಕ್ಕಿಂತ ಚಿಕ್ಕದಾಗಿ ಕಾಣಬೇಕೇ ಹೊರತು ದೊಡ್ಡದಾಗಿ ಅಲ್ಲ.

[ದೃಶ್ಯ: ಚಕ್ರವನ್ನು ಪಕ್ಕದಿಂದ ಸೀಳಿದಂತೆ ಬಿಡಿಸಿದ ಚಿತ್ರ. ಕ್ಯಾಮೆರಾ, ಹೊರ ತುಟಿ, ಅದರ ಹಿಂದೆ ನಟ್ ಕೂರುವ ಜಾಗ.]

ಕಾರಣ ಈ ಚಿತ್ರದಲ್ಲಿದೆ. ನಟ್ ಕೂರುವ ಜಾಗ ಹೊರ ತುಟಿಯ ಮಟ್ಟದಲ್ಲಿಲ್ಲ, ಒಳಕ್ಕೆ ಹೋಗಿದೆ. ಈ ಚಕ್ರದಲ್ಲಿ ಸುಮಾರು 60 ಮಿಲಿಮೀಟರ್ ಒಳಗೆ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ. ಮಾರುವವರು ಮೊಬೈಲ್ ಹಿಡಿದು ಒಂದು ಮೀಟರ್ ದೂರದಲ್ಲಿ ನಿಂತಿದ್ದರೆ ತುಟಿ 1000 ಮಿಲಿಮೀಟರ್ ದೂರ, ನಟ್‌ಗಳು 1060 ಮಿಲಿಮೀಟರ್ ದೂರ. ಅಂದರೆ ನಟ್ ವೃತ್ತ ಶೇಕಡಾ 6ರಷ್ಟು ಕುಗ್ಗಿ ಕಾಣುತ್ತದೆ. ನಿಜವಾದ 100 ಇದ್ದಿದ್ದರೆ ಫೋಟೊದಲ್ಲಿ 94 ಬರಬೇಕಿತ್ತು. 102 ಬಂದಿದೆ ಎಂದರೆ ಅದನ್ನು 1.06ರಿಂದ ಗುಣಿಸಿ ನೋಡಿ. 108!

4×108 ಎಂಬುದು ಊಹೆಯ ಅಳತೆಯಲ್ಲ. ಫೋರ್ಡ್ ಫಿಗೊ, ಇಕೋಸ್ಪೋರ್ಟ್‌ಗಳದ್ದು ಅದೇ. ಇದೇ ಕುಗ್ಗುವಿಕೆಯಿಂದ 4×114.3 ಚಕ್ರ ಒಂದು ಮೀಟರ್ ದೂರದಿಂದ 108ರಂತೆ ಕಾಣುತ್ತದೆ. ಒಂದು ಅಳತೆ ಮುಂದಿನ ಅಳತೆಯ ವೇಷ ಹಾಕಿಕೊಂಡು ಬರುವುದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಫೋಟೊ ಹೇಗೆ ತೆಗೆಸಬೇಕು? ನಾಲ್ಕು ಮೀಟರ್ ಹಿಂದೆ ಸರಿದು, ಚಕ್ರದ ನಡುವಿನ ಎತ್ತರಕ್ಕೇ ಮೊಬೈಲ್ ಹಿಡಿದು, ಜೂಮ್ ಮಾಡಿ ತೆಗೆಯಲು ಹೇಳಿ. ಆಗ 100 ಇದ್ದದ್ದು 98.5 ಆಗಿ, 108 ಇದ್ದದ್ದು 106ರ ಸುಮಾರಿಗೆ ಕಾಣುತ್ತದೆ. ಎರಡನ್ನೂ ಬೇರ್ಪಡಿಸಬಹುದು. ಆದರೆ ಹಳೆಯ ಫಿಯಟ್‌ಗಳ 4×98 ಒಂದಿದೆಯಲ್ಲ, ಅದನ್ನೂ 100ನ್ನೂ ಈ ಫೋಟೊದಿಂದಲೂ ಬೇರ್ಪಡಿಸಲಾಗದು. ಐದು ನಟ್‌ನ 112 ಮತ್ತು 114.3ರ ಕಥೆಯೂ ಇದೇ. ಅವೆರಡರಲ್ಲಿ ಪಕ್ಕಪಕ್ಕದ ರಂಧ್ರಗಳ ನಡುವಿನ ಅಂತರ ಒಂದೂವರೆ ಮಿಲಿಮೀಟರ್ ಕೂಡ ಬದಲಾಗುವುದಿಲ್ಲ.

ಇಷ್ಟು ಸಣ್ಣ ವ್ಯತ್ಯಾಸ ಏನು ಮಾಡೀತು ಎನ್ನಬೇಡಿ. 98ರ ಚಕ್ರವನ್ನು 100ಕ್ಕೆ ಬಿಗಿದರೆ ಪ್ರತಿ ನಟ್ ಒಂದು ಮಿಲಿಮೀಟರ್ ಪಕ್ಕಕ್ಕೆ ನಿಲ್ಲುತ್ತದೆ. ಬಿಗಿಯುವಾಗ ಒಳಗೆ ಹೋಗುತ್ತದೆ, ಆದರೆ ಅದರ ಓರೆಮುಖ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ. ಓಡಿಸುತ್ತಾ ಓಡಿಸುತ್ತಾ ಅದು ಸಡಿಲವಾಗುತ್ತದೆ. ರಂಧ್ರದ ಒಂದೇ ಬದಿಯಲ್ಲಿ ಹೊಳೆಯುವ ಉಜ್ಜಿದ ಗುರುತು ಕಂಡರೆ, ಆ ಚಕ್ರ ಹಿಂದೆ ತಪ್ಪು ಕಾರಿನಲ್ಲಿತ್ತು ಎಂದೇ ತಿಳಿಯಿರಿ.

ಆದ್ದರಿಂದ ಮುಂಭಾಗದ ಫೋಟೊ ಬೇಡದ್ದನ್ನು ತಳ್ಳಿಹಾಕಲು ಮಾತ್ರ. ಖಚಿತವಾಗಲು ಹಿಂಭಾಗ ಬೇಕು.

[ದೃಶ್ಯ: ಚಕ್ರವನ್ನು ಬಟ್ಟೆಯ ಮೇಲೆ ಮುಖ ಅಡಿಯಾಗಿ ಮಲಗಿಸುವುದು. ಒದ್ದೆ ಬಟ್ಟೆಯಿಂದ ಸ್ಪೋಕ್‌ನ ಹಿಂಬದಿ ಒರೆಸುವುದು.]

ಮಾರುವವರಿಗೆ ಎರಡು ಕೋರಿಕೆ ಕಳಿಸಿ. ಮೊದಲನೆಯದು, ಸ್ಪೋಕ್‌ಗಳ ಹಿಂಬದಿ ಒರೆಸಿ ಅಲ್ಲಿರುವ ಅಚ್ಚಿನ ಫೋಟೊ. ಬ್ರೇಕ್ ದೂಳು ಕಪ್ಪಗೆ ಕಟ್ಟಿರುತ್ತದೆ, ಒರೆಸದಿದ್ದರೆ ಏನೂ ಕಾಣದು. ಅಲ್ಲಿ ಹೀಗಿರಬಹುದು:

```
15X6J  ET45  4X100  JWL
```

15 ಇಂಚು ವ್ಯಾಸ, 6 ಇಂಚು ಅಗಲ, ಜೆ ಮಾದರಿಯ ತುಟಿ, ಆಫ್‌ಸೆಟ್ 45, ಪಿಸಿಡಿ. ಕೊನೆಯ ಮೂರು ಅಕ್ಷರಗಳು ಜಪಾನಿನ ಅಲಾಯ್ ಚಕ್ರಗಳ ಗುಣಮಟ್ಟದ ಗುರುತು, ಅಳತೆಯಲ್ಲ. ಎಲ್ಲ ಚಕ್ರಗಳಲ್ಲೂ ಎಲ್ಲವೂ ಇರುವುದಿಲ್ಲ. ಆಫ್‌ಸೆಟ್ ಮತ್ತು ಪಿಸಿಡಿ ಬಿಟ್ಟುಹೋಗಿರುವುದನ್ನು ಬಹಳ ನೋಡಿದ್ದೇನೆ.

ಎರಡನೆಯದು, ನಡುವೆ ಕಾರಿಗೆ ತಾಗುವ ಸಮತಟ್ಟಾದ ಮುಖದ ಮೇಲೇ ಸ್ಟೀಲ್ ಸ್ಕೇಲ್ ಇಟ್ಟು ತೆಗೆದ ಫೋಟೊ. ಸ್ಕೇಲ್ ಮತ್ತು ರಂಧ್ರ ಒಂದೇ ಮಟ್ಟದಲ್ಲಿರುವುದರಿಂದ ಕುಗ್ಗುವಿಕೆಯ ಗೊಂದಲವೇ ಇಲ್ಲ. ಭಾವ ಕೇಳಿ ತರಿಸಿದ ಆ ಫೋಟೊದಲ್ಲಿ ಅಂಚಿನಿಂದ ಅಂಚಿಗೆ ಸರಿಯಾಗಿ 108 ಇತ್ತು. ನಡುವಿನ ರಂಧ್ರ 63 ದಾಟಿತ್ತು. ಸ್ವಿಫ್ಟ್‌ಗೆ ಬೇಕಾದದ್ದು 54.1. ಅಲ್ಲಿಗೆ ಆ ವ್ಯವಹಾರ ನಿಂತಿತು.

[ದೃಶ್ಯ: ಮಲಗಿದ ಚಕ್ರದ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿ, ಅದರಿಂದ ಕೆಳಕ್ಕೆ ಟೇಪು.]

ಇನ್ನು ಆಫ್‌ಸೆಟ್. ಮುಂಭಾಗದ ಫೋಟೊದಿಂದ ಇದನ್ನು ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಚಕ್ರದ ಅಗಲದ ಸರಿ ಮಧ್ಯದಿಂದ, ಕಾರಿಗೆ ತಾಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬುದೇ ಆಫ್‌ಸೆಟ್. ಹಿಂಬದಿಯ ತುಟಿಯ ಮೇಲೆ ಪಟ್ಟಿ ಇಟ್ಟು, ಅಲ್ಲಿಂದ ಆ ಮುಖದವರೆಗಿನ ಆಳ ಅಳೆಯಬೇಕು. ಟಯರ್ ಇದ್ದರೆ ಪಟ್ಟಿ ರಿಮ್‌ಗೆ ತಾಗದೆ ಉಬ್ಬಿದ ಟಯರ್ ಮೇಲೆ ಕೂರುತ್ತದೆ. ಆಗ ಪಟ್ಟಿಯಿಂದ ತುಟಿಗಿರುವ ಅಂತರವನ್ನೂ ಅಳೆದು ಆಳದಿಂದ ಕಳೆಯಿರಿ.

ಭಾವನ ಕಾರಿನ ಉಳಿದ ಚಕ್ರವೊಂದನ್ನು ಬಿಚ್ಚಿ ಟಯರ್ ತೆಗೆಸಿ ಹೀಗೆ ಅಳೆದೆವು. ತುಟಿಯಿಂದ ತುಟಿಗೆ ಪೂರ್ತಿ ಅಗಲ 178, ಆಳ 134.

```
178 ÷ 2 = 89
134 − 89 = 45
```

ಆಫ್‌ಸೆಟ್ 45. ಪೂರ್ತಿ ಅಗಲ 178 ಇರುವಾಗ ಅದನ್ನು 7 ಇಂಚಿನ ಚಕ್ರ ಎನ್ನಬೇಡಿ. ಎರಡೂ ತುಟಿಗಳ ದಪ್ಪ ಸೇರಿ ಸುಮಾರು ಒಂದು ಇಂಚು ಹೆಚ್ಚು ಬರುತ್ತದೆ, ಚಕ್ರ 6 ಇಂಚಿನದೇ.

ಇದರ ಬದಲು 35ರ ಚಕ್ರ ಹಾಕಿದರೆ ಅದು 10 ಮಿಲಿಮೀಟರ್ ಹೊರಕ್ಕೆ ಬರುತ್ತದೆ. ಒಂದೇ ಚಕ್ರ ಬದಲಿಸುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ಮುಂದಿನ ಒಂದು ಬದಿ ಮಾತ್ರ ಹೊರಗೆ ಬಂದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯಬಹುದು. ಪೂರ್ತಿ ಲೋಡ್‌ನಲ್ಲಿ ಚಕ್ರ ತಿರುಗಿಸಿದಾಗ ಮಡ್‌ಗಾರ್ಡ್‌ಗೆ ಟಯರ್ ಉಜ್ಜಲೂಬಹುದು.

ಕೆಲವು ವಾರಗಳ ನಂತರ ಭಾವನಿಗೆ ಎರಡನೆಯ ಚಕ್ರ ಸಿಕ್ಕಿತು. ಇವತ್ತು ಎಡಗಡೆ ಕಾಣುತ್ತಿರುವುದು ಅದೇ. ಅಚ್ಚಿನಲ್ಲಿ 15, 6ಜೆ, 45 ಇತ್ತು, ಸ್ಕೇಲ್‌ನಲ್ಲಿ 100 ಬಂತು. ನಡುವಿನ ರಂಧ್ರ ಮಾತ್ರ 73.1. ಚಿಕ್ಕದಿದ್ದರೆ ಚಕ್ರ ಒಳಗೇ ಹೋಗುವುದಿಲ್ಲ, ದೊಡ್ಡದಿದ್ದರೆ ದಾರಿಯಿದೆ: 73.1ರಿಂದ 54.1ಕ್ಕೆ ಇಳಿಸುವ ಹಬ್ ರಿಂಗ್. ಅದಿಲ್ಲದೆ ಹಾಕಿದರೆ ಚಕ್ರ ಸರಿ ಕೇಂದ್ರಕ್ಕೆ ಬಾರದೆ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

[ದೃಶ್ಯ: ಪ್ಲಾಸ್ಟಿಕ್ ರಿಂಗ್ ಹಿಂಬದಿಯ ರಂಧ್ರದಲ್ಲಿ ಕೂರುವುದು. ನಂತರ ಕೈಯಲ್ಲಿ ಎರಡು ನಟ್‌ಗಳು.]

ನಟ್‌ಗಳನ್ನೂ ತಿರುಗಿಸಿ ನೋಡಿ. ಕೆಲವು ಕಾರುಗಳ ನಟ್ ಮುಖ ಶಂಕುವಿನಂತೆ ಓರೆ, ಹೋಂಡಾ ಕಂಪನಿಯ ಮೂಲ ಚಕ್ರಗಳದ್ದು ಗೋಲಿಯಂತೆ ದುಂಡು. ಅಂಗಡಿಯಲ್ಲಿ ಸಿಗುವ ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಓರೆಯದೇ ಬೇಕು. ರಂಧ್ರದೊಳಗೆ ಟಾರ್ಚ್ ಬಿಟ್ಟರೆ ಯಾವುದು ಎಂದು ಕಾಣುತ್ತದೆ. ಭಾವನ ನಟ್‌ಗಳೂ ಓರೆ, ಚಕ್ರದ ರಂಧ್ರವೂ ಓರೆ. ನಾಲ್ಕನ್ನೂ ಬೆರಳಿನಲ್ಲೇ ತಿರುಗಿಸುತ್ತಾ ಹೋದೆ, ಕೊನೆಯವರೆಗೂ ಸಲೀಸಾಗಿ ಹೋಗಿ ಎಲ್ಲವೂ ಒಂದೇ ಆಳಕ್ಕೆ ಕೂತವು. ಆಮೇಲೆಯೇ ಪಾನ ಹಿಡಿದದ್ದು.