ಹತ್ತರ ಷೇರು, ಎಂಟರ ಷೇರು

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಲೆಕ್ಕಪತ್ರದ ಕಚೇರಿ ಇದೆ. ಮುಧೋಳದ ಕಡೆಯ ಒಬ್ಬ ತರುಣ ಶಿಕ್ಷಕರು ತಮ್ಮ ತೆರಿಗೆಯ ಕಾಗದಗಳನ್ನು ತೆಗೆದುಕೊಂಡು ಪ್ರತಿವರ್ಷ ಅಲ್ಲಿಗೆ ಬರುತ್ತಾರೆ. ಈ ಸಲ ಬಂದಾಗ ಕಾಗದಗಳನ್ನು ಬದಿಗಿಟ್ಟು ಮೊಬೈಲ್ ತೋರಿಸಿದರು. "ಕಾಕಾ, ಇವು ಎರಡೂ ಸಕ್ಕರೆ ಕಾರ್ಖಾನೆಗಳೇ. ಎರಡರ ಗಾತ್ರವೂ ಒಂದೇ. ಒಂದರ ಪಿಇ ಹತ್ತು, ಇನ್ನೊಂದರದು ಎಂಟು. ಎಂಟರದನ್ನು ಕೊಂಡರೆ ಅಗ್ಗವಾಗಿ ಸಿಕ್ಕಂತೆ ಅಲ್ಲವೇ?" ಎಂದು ಕೇಳಿದರು.

ಪಿಇ ಎಂದರೆ ಷೇರಿನ ಬೆಲೆಯನ್ನು ಒಂದು ಷೇರಿನ ವಾರ್ಷಿಕ ಗಳಿಕೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಒಂದು ರೂಪಾಯಿ ಲಾಭಕ್ಕೆ ನಾವು ಎಷ್ಟು ರೂಪಾಯಿ ತೆರುತ್ತಿದ್ದೇವೆ ಎಂಬುದನ್ನು ಅದು ಹೇಳುತ್ತದೆ. ಒಂದೇ ಬಗೆಯ ಎರಡು ಕಂಪನಿಗಳನ್ನು ಹೀಗೆ ಅಕ್ಕಪಕ್ಕ ಇಟ್ಟು ಬೆಲೆ ಕಟ್ಟುವುದೇ ಹೋಲಿಕೆಯ ಮೌಲ್ಯಮಾಪನ. ಆ ಶಿಕ್ಷಕರ ಪ್ರಶ್ನೆಗೆ ಉತ್ತರ ಕೊಡಲು ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಆ ಲೆಕ್ಕವನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ಕಾರ್ಖಾನೆಗಳ ಹೆಸರು ಬೇಡ. ಅಂಕಿಗಳನ್ನೂ ಕಿವಿಗೆ ನಿಲುಕುವಂತೆ ದುಂಡಾಗಿಸಿದ್ದೇನೆ.

ಎರಡೂ ಕಾರ್ಖಾನೆಗಳು ಸಕ್ಕರೆ, ಕಾಕಂಬಿ, ವಿದ್ಯುತ್ ಮಾರಿ, ಖರ್ಚು ಕಳೆದು ವರ್ಷಕ್ಕೆ 30 ಕೋಟಿ ಉಳಿಸುತ್ತವೆ. ಇದು ಬಡ್ಡಿ, ತೆರಿಗೆ ಮತ್ತು ಯಂತ್ರಗಳ ಸವಕಳಿಯನ್ನು ಕಳೆಯುವ ಮುಂಚಿನ ಗಳಿಕೆ. ಪೇಟೆಯವರು ಇದನ್ನು ಎಬಿಟ್ಡಾ ಎನ್ನುತ್ತಾರೆ. ಸವಕಳಿ 6 ಕೋಟಿ ಕಳೆದರೆ 24 ಕೋಟಿ ಉಳಿಯಿತು. ಇಲ್ಲಿಯವರೆಗೆ ಎರಡಕ್ಕೂ ಯಾವ ವ್ಯತ್ಯಾಸವೂ ಇಲ್ಲ.

ಮೊದಲನೆಯ ಕಾರ್ಖಾನೆಗೆ ಬ್ಯಾಂಕ್ ಸಾಲವಿಲ್ಲ. 24 ಕೋಟಿಗೆ ನೂರಕ್ಕೆ 25ರಂತೆ ತೆರಿಗೆ ಕಟ್ಟಿದರೆ 18 ಕೋಟಿ ನಿವ್ವಳ ಲಾಭ. ಅದರ ಒಟ್ಟು ಷೇರುಗಳಿಗೆ ಮಾರುಕಟ್ಟೆಯಲ್ಲಿ 180 ಕೋಟಿ ಬೆಲೆ ಇದೆ. ಪಿಇ ಹತ್ತು. ಎರಡನೆಯದಕ್ಕೆ 120 ಕೋಟಿ ಸಾಲವಿದೆ. ಅದಕ್ಕೆ ನೂರಕ್ಕೆ 10ರಂತೆ 12 ಕೋಟಿ ಬಡ್ಡಿ. ಬಡ್ಡಿ ಕಳೆದು ಉಳಿದ 12 ಕೋಟಿಗೆ ತೆರಿಗೆ ಕಟ್ಟಿದರೆ 9 ಕೋಟಿ ನಿವ್ವಳ ಲಾಭ. ಷೇರುಗಳ ಒಟ್ಟು ಬೆಲೆ 72 ಕೋಟಿ. ಪಿಇ ಎಂಟು.

ನಮ್ಮೂರಿನಲ್ಲಿ ಯಾರಾದರೂ ಮೂರು ಲಕ್ಷಕ್ಕೆ ಟ್ರ್ಯಾಕ್ಟರ್ ಕೊಂಡೆ ಎಂದರೆ ನಾವು ತಕ್ಷಣ ಕೇಳುವ ಪ್ರಶ್ನೆ ಒಂದೇ: ಅದರ ಮೇಲೆ ಫೈನಾನ್ಸಿನ ಕಂತು ಎಷ್ಟು ಬಾಕಿ ಇದೆ? ಇನ್ನೂ ನಾಲ್ಕು ಲಕ್ಷ ಬಾಕಿ ಇದ್ದರೆ ಆ ಟ್ರ್ಯಾಕ್ಟರ್ ಅವರಿಗೆ ಬಿದ್ದದ್ದು ಏಳು ಲಕ್ಷಕ್ಕೆ. ಟ್ರ್ಯಾಕ್ಟರಿಗೆ ಕೇಳುವ ಈ ಪ್ರಶ್ನೆಯನ್ನು ಷೇರಿಗೆ ಕೇಳಲು ಮಾತ್ರ ಮರೆಯುತ್ತೇವೆ.

ಷೇರುಗಳ ಒಟ್ಟು ಬೆಲೆಗೆ ಸಾಲವನ್ನು ಕೂಡಿಸಿ, ಕಂಪನಿಯ ಬಳಿ ಸುಮ್ಮನೆ ಕುಳಿತಿರುವ ನಗದನ್ನು ಕಳೆದರೆ ಬರುವುದು ಉದ್ಯಮ ಮೌಲ್ಯ. ಇಲ್ಲಿ ಎರಡರಲ್ಲೂ ಹೆಚ್ಚುವರಿ ನಗದಿಲ್ಲ. ಮೊದಲನೆಯದರ ಉದ್ಯಮ ಮೌಲ್ಯ 180 ಕೋಟಿ, ಅಂದರೆ 30 ಕೋಟಿ ಎಬಿಟ್ಡಾದ ಆರು ಪಟ್ಟು. ಎರಡನೆಯದರದು 72 ಮತ್ತು 120 ಕೂಡಿ 192 ಕೋಟಿ, ಅಂದರೆ 6.4 ಪಟ್ಟು. ಎಂಟಕ್ಕೆ ಸಿಗುತ್ತಿದ್ದ ಅಗ್ಗದ ಷೇರು ಇಲ್ಲಿ ತುಸು ದುಬಾರಿಯಾಗಿ ನಿಂತಿತು. ಎರಡನೆಯದಕ್ಕೂ ಆರು ಪಟ್ಟೇ ಸರಿ ಎಂದಾದರೆ ಅದರ ಷೇರುಗಳಿಗೆ ಉಳಿಯುವುದು 60 ಕೋಟಿ. ಆಗ ಪಿಇ ಏಳಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅದರ ನ್ಯಾಯವಾದ ಪಿಇ ಹತ್ತಲ್ಲ, ಎಂಟೂ ಅಲ್ಲ.

ಹಾಗೇಕೆ ಎಂದು ಆ ಶಿಕ್ಷಕರು ಪಟ್ಟು ಹಿಡಿದು ಕೇಳಿದರು. ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದ ಒಂದು ವರ್ಷವನ್ನು ಊಹಿಸಿಕೊಳ್ಳಿ. ಎರಡೂ ಕಡೆ ಎಬಿಟ್ಡಾ 30ರಿಂದ 24 ಕೋಟಿಗೆ ಇಳಿಯಿತು. ಮೊದಲನೆಯದರ ನಿವ್ವಳ ಲಾಭ 18ರಿಂದ 13.5 ಕೋಟಿಗೆ ಇಳಿಯುತ್ತದೆ, ಅಂದರೆ ಕಾಲು ಭಾಗ ಹೋಯಿತು. ಎರಡನೆಯದರ ಬಡ್ಡಿ ಮಳೆ ನೋಡಿ ಕಡಿಮೆಯಾಗುವುದಿಲ್ಲ. ಅಲ್ಲಿ ಲಾಭ 9ರಿಂದ 4.5 ಕೋಟಿಗೆ ಬಂತು, ಸರಿಯಾಗಿ ಅರ್ಧ. ಇಷ್ಟು ಜೋಲಿ ಹೊಡೆಯುವ ಲಾಭಕ್ಕೆ ಸಾಲವಿಲ್ಲದ ಕಂಪನಿಯ ಪಿಇಯನ್ನೇ ಕೊಡಲು ಬರುವುದಿಲ್ಲ.

ಒಂದು ಎಚ್ಚರಿಕೆ. ಸಾಲ ಹೆಚ್ಚಿದರೆ ಪಿಇ ಯಾವಾಗಲೂ ಇಳಿಯಬೇಕು ಎಂಬ ನಿಯಮವಿಲ್ಲ. ಸಾಲವಿಲ್ಲದ ಕಂಪನಿಗೆ ಪೇಟೆ ಇಪ್ಪತ್ತೈದರ ಪಿಇ ಕೊಡುತ್ತಿದ್ದರೆ ಅಲ್ಲಿ ನೂರು ರೂಪಾಯಿಗೆ ಸಿಗುವ ಗಳಿಕೆ ನಾಲ್ಕೇ ರೂಪಾಯಿ. ನೂರು ರೂಪಾಯಿ ಸಾಲಕ್ಕೆ ಹತ್ತರ ಬಡ್ಡಿಯಲ್ಲಿ ತೆರಿಗೆಯ ಉಳಿತಾಯ ಕಳೆದ ಮೇಲೂ ಏಳೂವರೆ ಬೀಳುತ್ತದೆ. ಅಂಥಲ್ಲಿ ವ್ಯವಹಾರದ ಬೆಲೆ ಹಾಗೆಯೇ ಇದ್ದು ಸಾಲ ಹೆಚ್ಚಾದರೆ ಪಿಇ ಮೇಲಕ್ಕೇ ಹೋಗುತ್ತದೆ. ಸಾಲದ ಪ್ರಮಾಣ ಬೇರೆ ಬೇರೆ ಇರುವ ಕಂಪನಿಗಳನ್ನು ಬರೀ ಪಿಇಯಿಂದ ಹೋಲಿಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ತಪ್ಪು ಯಾವ ದಿಕ್ಕಿಗೆ ಆಗುತ್ತಿದೆ ಎಂಬುದೂ ಅದರಿಂದ ತಿಳಿಯುವುದಿಲ್ಲ.

ಈಗ ಆ 120 ಕೋಟಿ ಎಲ್ಲಿಂದ ಬಂತು ಎಂದು ಹೇಳಬೇಕು. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಎರಡನೆಯ ಕಾರ್ಖಾನೆಯ ಸಾಲ 150 ಕೋಟಿ ಇತ್ತು. ಸೆಪ್ಟೆಂಬರ್ ಕೊನೆಗೆ 90 ಕೋಟಿ. ನಮ್ಮ ಭಾಗದಲ್ಲಿ ಕಾರ್ಖಾನೆಗಳು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಹೊತ್ತಿಗೆ ಕಬ್ಬು ನುರಿಸಿ ಮುಗಿಸುತ್ತವೆ, ಸಕ್ಕರೆಯನ್ನು ಮಾತ್ರ ವರ್ಷವಿಡೀ ಮಾರುತ್ತವೆ. ಮಾರ್ಚ್ ಅಂತ್ಯಕ್ಕೆ ಗೋದಾಮು ತುಂಬಿರುತ್ತದೆ, ಆ ದಾಸ್ತಾನನ್ನು ಅಡವಿಟ್ಟು ತಂದ ಸಾಲವೂ ತುಂಬಿರುತ್ತದೆ. ಆ ಒಂದು ದಿನದ ಸಾಲವನ್ನು ಹಿಡಿದರೆ ಕಾರ್ಖಾನೆ ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತದೆ. ಸೆಪ್ಟೆಂಬರಿನದನ್ನು ಹಿಡಿದರೆ ಅಗ್ಗವಾಗಿ ಕಾಣುತ್ತದೆ. ವರ್ಷವಿಡೀ ಕಟ್ಟಿದ ಬಡ್ಡಿಯನ್ನು ಬಡ್ಡಿದರದಿಂದ ಭಾಗಿಸಿ ನೋಡಿ. 12 ಕೋಟಿ ಬಡ್ಡಿ, ದರ ನೂರಕ್ಕೆ 10. ಅಂದರೆ ವರ್ಷದ ಸರಾಸರಿ ಸಾಲ 120 ಕೋಟಿ. ಲೆಕ್ಕಕ್ಕೆ ಅದೇ ಸರಿ.

ಇಷ್ಟಕ್ಕೆ ಆ ಶಿಕ್ಷಕರು ಎದ್ದು ಹೊರಡುವವರಿದ್ದರು. ಸಾಲವೇ ಇಲ್ಲದ ಸಕ್ಕರೆ ಕಾರ್ಖಾನೆ ಅಪರೂಪ. ಹಾಗಾಗಿ ನನ್ನ ಮನಸ್ಸು ಒಪ್ಪಲಿಲ್ಲ. ಅವರನ್ನು ಕೂರಿಸಿಕೊಂಡು ಮೊದಲನೆಯ ಕಾರ್ಖಾನೆಯ ವಾರ್ಷಿಕ ವರದಿಯಲ್ಲಿ ಪೂರೈಕೆದಾರರಿಗೆ ಕೊಡಬೇಕಾದ ಬಾಕಿಯ ಸಾಲನ್ನು ಹುಡುಕಿದೆ. 40 ಕೋಟಿ ಇತ್ತು. ಅದರಲ್ಲಿ ಬಹುತೇಕ ಎಲ್ಲವೂ ಕಬ್ಬಿನ ಹಣ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸೇರಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು. ಈ ಕಾರ್ಖಾನೆ ದಿನಕ್ಕೆ 5,000 ಟನ್ ಕಬ್ಬು ನುರಿಸುತ್ತದೆ. ಟನ್ನಿಗೆ 3,200 ರೂಪಾಯಿ ಎಂದು ಹಿಡಿದರೆ ಒಂದು ದಿನದ ಕಬ್ಬಿಗೆ 1.6 ಕೋಟಿ, 14 ದಿನಕ್ಕೆ ಸುಮಾರು 22 ಕೋಟಿ. ಮಾರ್ಚ್ ಕೊನೆಯವರೆಗೂ ಗಾಣ ತಿರುಗಿದ್ದರೆ ಅಷ್ಟು ಬಾಕಿ ಸಹಜ. ಉಳಿದ 18 ಕೋಟಿ ಗಡುವು ಮೀರಿದ್ದು. ಹಂಗಾಮು ಮಾರ್ಚ್ ಮಧ್ಯಕ್ಕೆ ಮುಂಚೆಯೇ ಮುಗಿದಿದ್ದರಂತೂ ಇಡೀ ಬಾಕಿಯೇ ಗಡುವು ಮೀರಿದಂತೆ.

ಗಡುವು ಮೀರಿದ ಕಬ್ಬಿನ ಬಾಕಿ ಸಾಲವೇ. ಎರಡನೆಯ ಕಾರ್ಖಾನೆ ಬ್ಯಾಂಕಿನಲ್ಲಿ ಸಾಲ ತಂದು ರೈತರಿಗೆ ಸಕಾಲಕ್ಕೆ ಹಣ ಕೊಟ್ಟಿತ್ತು. ಮೊದಲನೆಯದು ರೈತರ ಹಣವನ್ನೇ ಇಟ್ಟುಕೊಂಡು ಸಾಲವಿಲ್ಲದ ಕಂಪನಿ ಎನಿಸಿಕೊಂಡಿತ್ತು. ಆ 18 ಕೋಟಿಯನ್ನು ಕೂಡಿಸಿದರೆ ಅದರ ಉದ್ಯಮ ಮೌಲ್ಯ 198 ಕೋಟಿ, ಅಂದರೆ 6.6 ಪಟ್ಟು. ಎರಡನೆಯದಕ್ಕಿಂತ ಹೆಚ್ಚು. ಲಾಭದ ಅಂಕಿಯೂ ಅಲುಗಾಡುತ್ತದೆ. ಆ ಬಾಕಿ ವರ್ಷವಿಡೀ ಉಳಿದರೆ ಕೊಡಬೇಕಾದ ಬಡ್ಡಿ 2.7 ಕೋಟಿ, ಮತ್ತು ಅದು ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಕಬ್ಬಿನ ಬಿಲ್ಲಿಗಾಗಿ ಕಾರ್ಖಾನೆಯ ಗೇಟಿನ ಮುಂದೆ ಕುಳಿತವರು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಜನ. ಅವರ ಹಣ ಯಾರದೋ ಷೇರನ್ನು ಆಕರ್ಷಕವಾಗಿ ತೋರಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೊನೆಯದಾಗಿ ಬೆಳವಣಿಗೆಯ ಮಾತು. ಎರಡನೆಯ ಕಾರ್ಖಾನೆ ಎಥೆನಾಲ್ ಘಟಕ ಹಾಕಲಿದೆ, ಅದರ ಲಾಭ ವರ್ಷಕ್ಕೆ ನೂರಕ್ಕೆ 8ರಂತೆ ಬೆಳೆಯುತ್ತದೆ, ಮೊದಲನೆಯದು ನಾಲ್ಕರಂತೆ ಮಾತ್ರ ಎಂದು ಆ ಶಿಕ್ಷಕರು ಹೇಳಿದರು. ಪಿಇಯನ್ನು ಬೆಳವಣಿಗೆಯ ದರದಿಂದ ಭಾಗಿಸುವ ಸೂತ್ರವನ್ನು ಅವರು ಎಲ್ಲಿಯೋ ಕಲಿತಿದ್ದರು. ಎಂಟನ್ನು ಎಂಟರಿಂದ ಭಾಗಿಸಿದರೆ ಒಂದು, ಹತ್ತನ್ನು ನಾಲ್ಕರಿಂದ ಭಾಗಿಸಿದರೆ ಎರಡೂವರೆ. ಒಂದು ಬಂದರೆ ಬೆಲೆ ಸರಿ, ಅದಕ್ಕಿಂತ ಹೆಚ್ಚಾದರೆ ದುಬಾರಿ ಎಂಬುದು ಆ ಸೂತ್ರ. ನಾನು ಕೇಳಿದೆ: ಬೆಳೆಯದೆ ವರ್ಷಕ್ಕೆ ನೂರು ರೂಪಾಯಿ ಮಾತ್ರ ಕೊಡುತ್ತಾ ಹೋಗುವ ಕಂಪನಿಗೆ ಬೆಲೆಯೇ ಇಲ್ಲವೇ? ಹೂಡಿಕೆದಾರ ನೂರಕ್ಕೆ 12 ಬಯಸಿದರೆ ಅದಕ್ಕೆ 833 ರೂಪಾಯಿ ಕೊಡಬಹುದು, ಪಿಇ 8.3. ಪಿಇ ಬೆಳವಣಿಗೆಯ ದರದಷ್ಟೇ ಇರಬೇಕು ಎನ್ನುವ ಆ ಸೂತ್ರದ ಪ್ರಕಾರ ಮಾತ್ರ ಅದರ ಬೆಲೆ ಸೊನ್ನೆ.

ಬೆಳವಣಿಗೆಗೆ ಹಣ ಹಾಕಬೇಕು ಎಂಬುದನ್ನು ಆ ಸೂತ್ರ ಮರೆಯುತ್ತದೆ. ಹೊಸದಾಗಿ ಹಾಕಿದ ಬಂಡವಾಳದ ಮೇಲೆ ನೂರಕ್ಕೆ 12 ಮಾತ್ರ ಗಳಿಕೆ ಬರುವುದಾದರೆ, ಎಂಟರಂತೆ ಬೆಳೆಯಲು ಲಾಭದ ಮೂರನೆಯ ಎರಡು ಭಾಗವನ್ನು ಮತ್ತೆ ಹೂಡಬೇಕು. ನೂರರಲ್ಲಿ ಮಾಲೀಕರ ಕೈಗೆ ಬರುವುದು 33.33 ರೂಪಾಯಿ. ಅದು ಎಂಟರಂತೆ ಬೆಳೆಯುತ್ತದೆ. ಅದರ ಇಂದಿನ ಬೆಲೆ ಎಷ್ಟು? 33.33ನ್ನು, 12ರಲ್ಲಿ 8 ಕಳೆದ ನಾಲ್ಕು ಪ್ರತಿಶತದಿಂದ ಭಾಗಿಸಿ. ಮತ್ತೆ 833. ನಾಲ್ಕರಂತೆ ಬೆಳೆದರೂ 833, ಬೆಳೆಯದಿದ್ದರೂ 833. ಹೊಸ ಬಂಡವಾಳ ನೂರಕ್ಕೆ 24 ದುಡಿದರೆ ಚಿತ್ರವೇ ಬೇರೆ. ಆಗ ಎಂಟರಂತೆ ಬೆಳೆಯಲು ಲಾಭದ ಮೂರನೆಯ ಒಂದು ಭಾಗ ಸಾಕು. ಕೈಗೆ 66.67 ರೂಪಾಯಿ ಬರುತ್ತದೆ, ಬೆಲೆ ಸರಿಯಾಗಿ ಎರಡರಷ್ಟಾಗುತ್ತದೆ.

ಹಾಗಾಗಿ ಎಷ್ಟು ಬೆಳೆಯುತ್ತದೆ ಎಂದು ಕೇಳುವ ಮೊದಲು ಹೊಸ ಘಟಕಕ್ಕೆ ಎಷ್ಟು ಹಾಕುತ್ತಾರೆ, ಅದು ಎಷ್ಟು ದುಡಿಯುತ್ತದೆ ಎಂದು ಕೇಳಬೇಕು. ಎಥೆನಾಲ್ ವಿಷಯದಲ್ಲಿ ಆ ದುಡಿಮೆ ಕಾರ್ಖಾನೆಯ ಕೈಯಲ್ಲೇ ಇರುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ರಸವನ್ನು ಎಥೆನಾಲಿಗೆ ಬಳಸದಂತೆ ಕಡಿವಾಣ ಹಾಕಿತು, ಮರುವರ್ಷ ಅದನ್ನು ಸಡಿಲಿಸಿತು. ಘಟಕಕ್ಕೆ ತಂದ ಸಾಲದ ಬಡ್ಡಿ ಆ ನಡುವಿನ ತಿಂಗಳುಗಳಲ್ಲಿಯೂ ಓಡುತ್ತಲೇ ಇತ್ತು.

ಶಿಕ್ಷಕರು ಆ ದಿನ ಯಾವ ಷೇರನ್ನೂ ಕೊಳ್ಳಲಿಲ್ಲ. ಹೊರಡುವಾಗ ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಂಡರು: ಎಥೆನಾಲ್ ಘಟಕದ ಒಟ್ಟು ವೆಚ್ಚ ಎಷ್ಟು, ಮೊದಲನೆಯ ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿದ ದಿನಾಂಕ ಯಾವುದು. ಎರಡನೆಯ ಪ್ರಶ್ನೆಗೆ ವಾರ್ಷಿಕ ವರದಿ ಬೇಕಿಲ್ಲ ಎಂದರು. ಅವರ ಮಾವ ಆ ಕಾರ್ಖಾನೆಗೇ ಕಬ್ಬು ಕಳಿಸುತ್ತಾರಂತೆ.

ನಮಸ್ಕಾರ.